ಎಕ್ಸಿಕ್ಯೂಟಿವ್ ಸಮ್ಮರಿ ಮೂರು ಥರ ಬರೆದು ನೋಡಿದೆ, ಉಳಿದಿದ್ದು ಒಂದೇ

ಕೋಲಾರ ಕಡೆ ನಾಲ್ಕು ಕೆರೆ ಹೂಳೆತ್ತೋ ಪ್ರಾಜೆಕ್ಟ್ ಮುಗೀತು, ಫೈನಲ್ ರಿಪೋರ್ಟ್ 48 ಪುಟ ಆಯ್ತು. ದುಡ್ಡು ಕೊಟ್ಟ ಕಂಪನಿಯ ಸಿಎಸ್ಆರ್ ಕಮಿಟಿಯವರು ಮೊದಲ ಪುಟ ಬಿಟ್ಟು ಬೇರೇನೂ ಓದಲ್ಲ ಅಂತ ನಮಗೆ ಹಿಂದಿನ ಪ್ರಾಜೆಕ್ಟಲ್ಲೇ ಗೊತ್ತಾಗಿತ್ತು. ಅದಕ್ಕೆ ಒಂದೇ ರಿಪೋರ್ಟಿಗೆ ಸಮ್ಮರಿ ಮೂರು ಥರ ಬರೆದು, ಫೀಲ್ಡಿಗೆ ಬಂದೇ ಇಲ್ಲದ ಬೇರೆ ಬೇರೆಯವರಿಗೆ ಒಂದೊಂದು ಕೊಟ್ಟೆ. ಎರಡು ನಿಮಿಷ ಆದ್ಮೇಲೆ ಹಾಳೆ ವಾಪಸ್ ತಗೊಂಡು ಮೂರೇ ಪ್ರಶ್ನೆ ಕೇಳಿದೆ: ಏನಾಯ್ತು, ಏನಾಗ್ಲಿಲ್ಲ, ನಿಮ್ಮಿಂದ ನಮಗೇನು ಬೇಕು?

ಮೊದಲನೇದು ರಿಪೋರ್ಟನ್ನೇ ಕುಗ್ಗಿಸಿದ್ದು. ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ಅಧ್ಯಾಯದ ಕ್ರಮದಲ್ಲೇ ಹೋಗುತ್ತೆ. ಬರೆಯೋಕೆ ಸುಲಭ, ಏನೂ ಬಿಟ್ಟುಹೋಗಲ್ಲ. ಆದ್ರೆ ಅರ್ಧ ಪುಟ ಬರೀ ಹಿನ್ನೆಲೆಗೇ ಹೋಯ್ತು, ಅದು ದುಡ್ಡು ಕೊಟ್ಟವರಿಗೆ ಮೊದಲೇ ಗೊತ್ತಿರೋ ವಿಷಯ. "ಎದುರಾದ ಸವಾಲುಗಳನ್ನು 5ನೇ ಅಧ್ಯಾಯದಲ್ಲಿ ವಿವರಿಸಲಾಗಿದೆ" ಅಂತ ಒಂದು ಸಾಲೂ ಇತ್ತು. 5ನೇ ಅಧ್ಯಾಯ ತೆಗೆಯೋದೇ ಇಲ್ಲದವರಿಗೆ ಆ ಸಾಲಿಂದ ಏನೂ ಸಿಗಲ್ಲ. ಓದಿದವರಿಗೆ ಕೆರೆ ಹೂಳು ತೆಗೆದ್ರು ಅನ್ನೋದಷ್ಟೇ ನೆನಪಿತ್ತು, ಮೂರನೇ ಪ್ರಶ್ನೆಗೆ ಉತ್ತರ ಇರಲಿಲ್ಲ.

ಎರಡನೇದು ಬುಲೆಟ್ ಪಾಯಿಂಟ್. ನೋಡೋಕೆ ಚೆನ್ನಾಗಿದೆ, ನಂಬರ್ ತಲೇಲಿ ನಿಲ್ಲುತ್ತೆ, ಇದೇ ಗೆಲ್ಲುತ್ತೆ ಅಂತ ನಾನು ಅಂದ್ಕೊಂಡಿದ್ದೆ. 40,000 ಘನ ಮೀಟರ್ ಗುರಿ, 31,000 ಆಗಿದೆ, ಒಂದು ಪಾಯಿಂಟು. ಮೇ ತಿಂಗಳಲ್ಲೇ ಮಳೆ, ಇನ್ನೊಂದು. 24 ಲಕ್ಷದಲ್ಲಿ 3 ಲಕ್ಷ ಉಳಿದಿದೆ, ಮತ್ತೊಂದು. ಓದಿದವರು "ಪರವಾಗಿಲ್ಲ, 3 ಲಕ್ಷ ಉಳಿಸಿದೀರಲ್ಲ" ಅಂದ್ರು! ನಾವೇನು ಉಳಿಸಿರಲಿಲ್ಲ. ನಾಲ್ಕನೇ ಕೆರೆ ಅರ್ಧಕ್ಕೆ ಬಂದಾಗ ಮಳೆ ಬಂದು ನೀರು ತುಂಬ್ತು, ಹಿಟಾಚಿ ಇಳಿಸೋಕಾಗ್ಲಿಲ್ಲ, ಕೆಲಸ ನಿಂತಿದ್ದಕ್ಕೆ ದುಡ್ಡು ಉಳೀತು. ಮೂರೂ ಪಾಯಿಂಟ್ ನಿಜಾನೇ, ಆದ್ರೆ ಅವನ್ನ ಸೇರಿಸೋ "ಅದರಿಂದ" ಅನ್ನೋ ಮಾತು ಬಿದ್ದುಹೋಗಿತ್ತು, ಆ ಜಾಗನ ಓದೋರು ಅವರಿಗೆ ತೋಚಿದ ಹಾಗೆ ತುಂಬ್ಕೊಂಡ್ರು.

ಮೂರನೇದು ತಲೆಕೆಳಗು. ಮೊದಲು ನಿರ್ಧಾರ, ಆಮೇಲೆ ಕಾರಣ. ಶುರು ಹೀಗಿತ್ತು:

"ನಾಲ್ಕರಲ್ಲಿ ಮೂರು ಕೆರೆಗಳ ಹೂಳೆತ್ತುವ ಕೆಲಸ ಮುಗಿದಿದೆ. ನಾಲ್ಕನೆಯದು ಮೇ ಮಳೆಯಿಂದ ಅರ್ಧಕ್ಕೆ ನಿಂತಿದೆ, ಇನ್ನೂ 9,000 ಘನ ಮೀಟರ್ ಬಾಕಿ. ಘನ ಮೀಟರಿಗೆ 45 ರೂಪಾಯಿಯಂತೆ ಇದಕ್ಕೆ 4.05 ಲಕ್ಷ ಬೇಕು. ಕೆಲಸ ನಿಂತಿದ್ದರಿಂದ ಖರ್ಚಾಗದ 3 ಲಕ್ಷ ನಮ್ಮಲ್ಲಿದೆ. ಅದನ್ನು ಬಳಸಲು ಅನುಮತಿ ಮತ್ತು ಹೆಚ್ಚುವರಿ 1.05 ಲಕ್ಷ ಕೋರುತ್ತೇವೆ. ಕೆರೆ ಒಣಗಿರುವ ಮಾರ್ಚ್–ಏಪ್ರಿಲ್‌ನಲ್ಲಿ ಮಾತ್ರ ಈ ಕೆಲಸ ಸಾಧ್ಯ."

ಇದನ್ನ ಅಕೌಂಟ್ಸ್ ನೋಡ್ಕೊಳ್ಳೋ ಮೇಡಂಗೆ ಕೊಟ್ಟಿದ್ದೆ, ಮೂರೂ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಿದ್ರು. ಆಮೇಲೆ ಅವರೇ "1.05 ಲಕ್ಷ ಕೊಡದಿದ್ರೆ ಏನಾಗುತ್ತೆ?" ಅಂತ ಕೇಳಿದ್ರು, ಕಮಿಟಿಯಲ್ಲಿ ಬರೋದೂ ಇದೇ ಪ್ರಶ್ನೆ ಅಂತ ಅದಕ್ಕೂ ಒಂದು ಸಾಲು ಸೇರಿಸಿದೆ.

ಆದ್ರೆ ಮೂರರಲ್ಲೂ ಒಂದು ತಪ್ಪು ಹಾಗೇ ಉಳಿದಿತ್ತು, ನನಗೆ ತುಂಬಾ ಕಳವಳ ಆಗಿದ್ದು ಇದರಿಂದ. "3.1 ಕೋಟಿ ಲೀಟರ್ ನೀರಿನ ಸಂಗ್ರಹ ಹೆಚ್ಚಿದೆ" ಅಂತ ಬರೆದಿದ್ದೆ. ಲೆಕ್ಕ ಸರಿನೇ, ಒಂದು ಘನ ಮೀಟರ್ ಅಂದ್ರೆ ಸಾವಿರ ಲೀಟರ್. ಆದ್ರೆ ಅದು ಕೆರೆ ತುಂಬಿದ್ರೆ ಹಿಡಿಯೋ ನೀರು. ಎರಡು ಕೆರೆಗೆ ನೀರು ತರೋ ಕಾಲುವೆ ಮುಚ್ಚಿಹೋಗಿ ನೀರೇ ಸರಿಯಾಗಿ ಬಂದಿಲ್ಲ, ಅದು ರಿಪೋರ್ಟಿನ 23ನೇ ಪುಟದಲ್ಲಿತ್ತು. ಸಮ್ಮರಿಯ ನಂಬರನ್ನ ಯಾರೋ ಎತ್ಕೊಂಡು ಅವರ ಪಿಪಿಟಿಗೆ ಹಾಕ್ತಾರೆ, ಹಾಕೋವಾಗ ಆ ಒಂದು ವಾಕ್ಯ ಮಾತ್ರ ಹೋಗುತ್ತೆ, ಪಕ್ಕದ ವಾಕ್ಯ ಹೋಗಲ್ಲ. ಹಾಗಾಗಿ ಷರತ್ತೂ ಅದೇ ವಾಕ್ಯದೊಳಗೇ ಇರಬೇಕು: "ಕೆರೆಗಳು ತುಂಬಿದರೆ 3.1 ಕೋಟಿ ಲೀಟರ್ ಹೆಚ್ಚು ನೀರು ಹಿಡಿಯುತ್ತವೆ, ಆದರೆ ಎರಡಕ್ಕೆ ಕಾಲುವೆ ಸರಿಯಾಗುವವರೆಗೆ ಅಷ್ಟು ನೀರು ಬರುವುದಿಲ್ಲ."

ಮೂರನೇದಕ್ಕೂ ಮಿತಿ ಇದೆ. ಇಲಾಖೆಯವರು ಫಾರ್ಮ್ಯಾಟ್ ಕೊಟ್ಟಿದ್ರೆ ಹೆಡಿಂಗ್ ಕ್ರಮ ಬದಲಾಯಿಸೋಕಾಗಲ್ಲ, ಆಗ "ಹಿನ್ನೆಲೆ" ಅನ್ನೋ ಹೆಡಿಂಗ್ ಕೆಳಗಿನ ಮೊದಲ ವಾಕ್ಯದಲ್ಲೇ ಫಲಿತಾಂಶ ಹೇಳಿಬಿಡ್ತೀನಿ. ಕೇಳೋದೇನೂ ಇಲ್ಲ, ಬರೀ ಮುಕ್ತಾಯದ ವರದಿ ಅಂದ್ರೆ ನಿರ್ಧಾರದ ಜಾಗಕ್ಕೆ ಇನ್ಮುಂದೆ ಕೆರೆ ಯಾರ ಜವಾಬ್ದಾರಿ ಅನ್ನೋದು ಬರುತ್ತೆ.

ಬುಲೆಟ್ಟನ್ನ ಪೂರ್ತಿ ಬಿಟ್ಟಿಲ್ಲ, ಕೊನೇಲಿ ನಾಲ್ಕು ಸಾಲಿನ ಟೇಬಲ್ ಇಟ್ಟೆ, ಕೆರೆಗೊಂದು ಸಾಲು, ಗುರಿ ಎಷ್ಟು ಆಗಿದ್ದೆಷ್ಟು ಅಂತ. ಕಳಿಸೋ ಮುಂಚೆ ಪ್ರಿಂಟ್ ತೆಗೆದು ಒಂದೊಂದು ನಂಬರ್ ಪಕ್ಕ ಅದು ರಿಪೋರ್ಟಿನ ಯಾವ ಪುಟದ್ದು ಅಂತ ಪೆನ್ಸಿಲಲ್ಲಿ ಬರೆದೆ. ಒಂದಕ್ಕೆ ಪುಟ ಸಿಗಲೇ ಇಲ್ಲ, ಹಳೇ ಡ್ರಾಫ್ಟಿನ ನಂಬರ್ ಅದು, ತೆಗೆದೆ.