ತಡವಾದ ಖಾರಪುಡಿ ಪಾರ್ಸಲ್‌ಗೆ ಮೂರು ಥರದ ಕ್ಷಮಾಪಣೆ: ಹಾಕಿ ನೋಡಿದ ಮೇಲೆ ಒಂದು ಹೋಲಿಕೆ

ಹಾವೇರಿ, ಬ್ಯಾಡಗಿ ಕಡೆಯಿಂದ ಮನೆಮನೆಗೆ ಖಾರಪುಡಿ ಕಳಿಸುವವರಿಗೆ ಮಾರ್ಚ್, ಏಪ್ರಿಲ್ ಅಂದರೆ ಸುಗ್ಗಿ. ವರ್ಷದ ಖಾರ ಕುಟ್ಟಿಸಿಡುವ ಕಾಲ ಅದು, ಆರ್ಡರ್ ಎಲ್ಲಾ ಆಗಲೇ ಬರುತ್ತವೆ. ಅಡ್ಡಮಳೆ ಬೀಳುವುದೂ ಆಗಲೇ. ಕಣದಲ್ಲಿ ಹರವಿದ ಕಾಯಿ ತೊಯ್ದರೆ ಪಾರ್ಸಲ್ ತಡವಾಗುತ್ತದೆ, ಗಿರಾಕಿಗಳಿಗೆ ಒಂದು ಕ್ಷಮಾಪಣೆ ಬರೆಯಬೇಕಾಗುತ್ತದೆ. ಅದನ್ನು ಮೂರು ರೀತಿ ಬರೆದು ಹಾಕಿ ನೋಡಿದ್ದೇವೆ. ಮೂರಕ್ಕೂ ಬಂದ ಉತ್ತರ ಬೇರೆ ಬೇರೆ.

ಹೋಲಿಸಲು ಸುಲಭವಾಗಲೆಂದು ಒಂದೇ ಲೆಕ್ಕ ಇಟ್ಟುಕೊಳ್ಳೋಣ. ಒಟ್ಟು 120 ಕೆಜಿ ಪುಡಿಗೆ 130 ಆರ್ಡರ್ ಇವೆ. ಎಲ್ಲವನ್ನೂ ಏಪ್ರಿಲ್ 13, ಸೋಮವಾರ ಕೊರಿಯರ್‌ಗೆ ಕೊಡುತ್ತೇವೆಂದು ಮಾತು ಕೊಟ್ಟಾಗಿದೆ. 10ರ ಶುಕ್ರವಾರ ರಾತ್ರಿ ಮಳೆ ಬಿತ್ತು. ಅರ್ಧ ಕಾಯಿ ಆಗಲೇ ಕುಟ್ಟಿಸಿ ಆಗಿತ್ತು. ಉಳಿದರ್ಧ, ಅಂದರೆ 60 ಕೆಜಿ ಪುಡಿಯ ಕಾಯಿ ಕಣದಲ್ಲೇ ತೊಯ್ದಿತು.

ಮೊದಲನೆಯದು ಎಲ್ಲರೂ ಬರೆಯುವಂಥದ್ದು: “ಅನಿವಾರ್ಯ ಕಾರಣಗಳಿಂದ ವಿತರಣೆಯಲ್ಲಿ ವಿಳಂಬವಾಗಿದೆ. ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ. ಆದಷ್ಟು ಬೇಗ ತಲುಪಿಸಲಾಗುವುದು.” ಬರೆಯಲು ಎರಡು ನಿಮಿಷ ಸಾಕು. ಆದರೆ ಇದನ್ನು ಹಾಕಿದ ಮೇಲೆ ಫೋನು ನಿಲ್ಲುವುದಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: “ಆದಷ್ಟು ಬೇಗ ಅಂದ್ರ ಯಾವಾಗ್ರೀ?” ಇನ್ನೊಂದು ಎಡವಟ್ಟೂ ಇದೆ. ಯಾರ ಪಾರ್ಸಲ್ ತಡ ಎಂದು ಹೇಳಿಲ್ಲವಾದ್ದರಿಂದ, ಸೋಮವಾರವೇ ಹೊರಡುವ ಅರ್ಧ ಮಂದಿಯೂ ಗಾಬರಿಯಾಗಿ ಕರೆ ಮಾಡುತ್ತಾರೆ. ಸುದ್ದಿ ಗೊತ್ತೇ ಇಲ್ಲದಿದ್ದ ಗಿರಾಕಿಯನ್ನೂ ನಾವೇ ಕೆಣಕಿದಂತೆ. ಬ್ಯಾಂಕಿನ ನೋಟಿಸ್ ಬೋರ್ಡಿಗೆ ಈ ಭಾಷೆ ನಡೆದೀತು, ವರ್ಷದ ಖಾರಕ್ಕೆ ಕಾದು ಕೂತವರಿಗಲ್ಲ.

ಎರಡನೆಯದರಲ್ಲಿ ಕಾರಣವನ್ನು ಪೂರ್ತಿ ಬಿಡಿಸಿ ಹೇಳಿದ್ದೆವು. ಮಳೆ ಹೇಗೆ ಬಂತು, ಎಷ್ಟು ಕಾಯಿ ತೊಯ್ದಿತು, ರಾತ್ರಿಯೆಲ್ಲ ಹೇಗೆ ಬಳಿದು ಒಳಗೆ ಹಾಕಿದರು, ತೊಯ್ದ ಕಣದ ಎರಡು ಫೋಟೊ. ಓದಿದವರು ಮರುಗಿದ್ದು ನಿಜ, “ಪಾಪ, ಭಾಳ ಲುಕ್ಸಾನ ಆತಲ್ರೀ” ಎಂದೂ ಬರೆದರು. ಆದರೆ ಅದರ ಬೆನ್ನಿಗೇ ನಾವು ಎಣಿಸದ ಪ್ರಶ್ನೆ ಬಂತು: “ಆ ತೊಯ್ದ ಕಾಯಿನ ಒಣಗಿಸಿ, ಕುಟ್ಟಿ ನಮಗ ಕಳಸ್ತೀರೇನು?” ಈ ಒಂದು ಪ್ರಶ್ನೆಯಿಂದಲೇ ಎರಡನೆಯ ಬರಹ ಮೊದಲನೆಯದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು. ಮೊದಲನೆಯದು ತಡದ ಬಗ್ಗೆ ಸಿಟ್ಟು ತರಿಸುತ್ತದೆ, ಇದು ಮಾಲಿನ ಬಗ್ಗೆಯೇ ಅನುಮಾನ ಹುಟ್ಟಿಸುತ್ತದೆ.

ಅನುಮಾನ ಸುಳ್ಳೂ ಅಲ್ಲ. ಒಮ್ಮೆ ಒಣಗಿ ಮತ್ತೆ ತೊಯ್ದ ಮೆಣಸಿನಕಾಯಿ ಬಿಳಚಿಕೊಳ್ಳುತ್ತದೆ, ತುಂಬಿನ, ಅಂದರೆ ತೊಟ್ಟಿನ, ಬುಡದಲ್ಲಿ ಬೂಷ್ಟು ಹಿಡಿಯುತ್ತದೆ. ಹೊರಗೆ ಒಣಗಿದಂತೆ ಕಂಡರೂ ಬೀಜದ ಸುತ್ತ ಪಸಿ ಉಳಿದಿರುತ್ತದೆ. ಮುರಿದು ನೋಡಿದರೆ ಗೊತ್ತಾಗುತ್ತದೆ: ಚೆನ್ನಾಗಿ ಒಣಗಿದ ಕಾಯಿ ಅಲ್ಲಾಡಿಸಿದರೆ ಬೀಜದ ಸದ್ದು ಬರುತ್ತದೆ, ಮುರಿದರೆ ಪಟ್ಟೆನ್ನುತ್ತದೆ. ಪಸಿ ಇದ್ದದ್ದು ಬರೀ ಬಾಗುತ್ತದೆ, ಒಳಗೆ ಬೂದು ಎಳೆ ಕಾಣುತ್ತದೆ. ಅದನ್ನು ಗಿರಣಿಗೆ ಹಾಕಿದರೆ ಪುಡಿ ಅಂಟಿಕೊಂಡು ಗಂಟಾಗುತ್ತದೆ, ಬಣ್ಣ ಮಂಕಾಗುತ್ತದೆ. ಬ್ಯಾಡಗಿ ಕಾಯಿಯನ್ನು ಜನ ಕೊಳ್ಳುವುದೇ ಬಣ್ಣಕ್ಕೆ. ಹಾಗಾಗಿ ಮಳೆಯ ಸುದ್ದಿ ಹೇಳುವವರು ತೊಯ್ದ ಕಾಯಿಯನ್ನು ಏನು ಮಾಡಿದೆವು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಮಳೆಯ ಸುದ್ದಿಯನ್ನೇ ಎತ್ತಬಾರದು.

ಎರಡನೆಯದರಲ್ಲಿ ಇನ್ನೊಂದು ಕುಂದು, ತಪ್ಪನ್ನೆಲ್ಲ ಮಳೆಯ ಮೇಲೆ ಹೊರಿಸಿದ್ದು. ಏಪ್ರಿಲ್‌ನಲ್ಲಿ ನಮ್ಮ ಕಡೆ ಗುಡುಗು ಮಳೆ ಬರುವುದು ಧಾರವಾಡ, ಗದಗದ ಎಲ್ಲ ಗಿರಾಕಿಗೂ ಗೊತ್ತು. ಮಳೆ ಕಾರಣವಲ್ಲ, ಹೊದಿಸಲು ತಾಡಪತ್ರಿ ಸಾಲದೇ ಹೋದದ್ದು ಕಾರಣ. ಕಾನೂನಿನಲ್ಲೂ ಈ ಭೇದಕ್ಕೆ ಬೆಲೆ ಇದೆ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಹೇಳಿದ ಅವಧಿ ಮೀರಿ ಬಂದ ಮಾಲನ್ನು ವಾಪಸ್ ತೆಗೆದುಕೊಳ್ಳಲು, ರೊಕ್ಕ ಮರಳಿಸಲು ಮಾರಾಟಗಾರ ಒಲ್ಲೆ ಎನ್ನುವಂತಿಲ್ಲ. ಕೈಮೀರಿದ ವಿಪತ್ತಿನಿಂದ ತಡವಾಗಿದ್ದರೆ ಮಾತ್ರ ವಿನಾಯಿತಿ. ಪ್ರತಿ ವರ್ಷ ಬರುವ ಅಡ್ಡಮಳೆಯನ್ನು ಆ ಸಾಲಿಗೆ ಸೇರಿಸಿ ರೊಕ್ಕ ಹಿಡಿದಿಟ್ಟುಕೊಳ್ಳುವುದು ಗಟ್ಟಿ ವಾದವಲ್ಲ.

ಮೂರನೆಯದು ಇದು:

“ಆರ್ಡರ್ ನಂಬರ್ 71ರಿಂದ 130ರವರೆಗಿನ ಖಾರಪುಡಿ ಏಪ್ರಿಲ್ 13ರ ಬದಲು 24ರ ಶುಕ್ರವಾರದೊಳಗೆ ಹೊರಡುತ್ತದೆ. 70ರವರೆಗಿನ ಪಾರ್ಸಲ್‌ಗಳು ಸೋಮವಾರವೇ ಹೊರಡುತ್ತವೆ, ಅವರಿಗೆ ಏನೂ ಬದಲಿಲ್ಲ.

ಶುಕ್ರವಾರ ರಾತ್ರಿಯ ಮಳೆಗೆ ನಮ್ಮ ತಾಡಪತ್ರಿ ಸಾಲಲಿಲ್ಲ, ಅರ್ಧ ಕಾಯಿ ತೊಯ್ದಿತು. ತೊಯ್ದ ಕಾಯಿಯನ್ನು ನಿಮ್ಮ ಪುಡಿಗೆ ಬಳಸುವುದಿಲ್ಲ. ಸೋಮವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ಹೊಸ ಕಾಯಿ ಕೊಂಡು, ಒಣಗಿಸಿ ಕುಟ್ಟಿಸುತ್ತೇವೆ. ನಿಮ್ಮನ್ನು ಕಾಯಿಸುತ್ತಿರುವುದು ನಮ್ಮ ತಪ್ಪು, ಕ್ಷಮಿಸಿ.

ಮೂರರಲ್ಲಿ ಒಂದನ್ನು ಆರಿಸಿ, 14ರ ಮಂಗಳವಾರದೊಳಗೆ ಆರ್ಡರ್ ನಂಬರ್ ಜೊತೆ 1, 2 ಅಥವಾ 3 ಎಂದು ಕಳಿಸಿ. 1: ನೀವು 24ರವರೆಗೆ ಕಾದರೆ, ಕೆಜಿಗೆ 100 ಗ್ರಾಂ ಪುಡಿ ಹೆಚ್ಚು ಹಾಕುತ್ತೇವೆ. 2: ಕೊರಿಯರ್ ಖರ್ಚು ಸೇರಿಸಿ ಪೂರ್ತಿ ರೊಕ್ಕ ಎರಡು ದಿನದಲ್ಲಿ ವಾಪಸ್. 3: ಹೋದ ವರ್ಷದ, ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಕಾಯಿಯ ಪುಡಿ ಇದೇ ಬುಧವಾರ ಹೊರಡುತ್ತದೆ; ಬಣ್ಣ ಸ್ವಲ್ಪ ಕಡಿಮೆ, ಬೆಲೆಯೂ ಕಡಿಮೆ, ವ್ಯತ್ಯಾಸದ ರೊಕ್ಕ ಮರಳಿಸುತ್ತೇವೆ.

ಏನೂ ತಿಳಿಸದಿದ್ದರೆ 1 ಎಂದು ತಿಳಿಯುತ್ತೇವೆ. ಪಾರ್ಸಲ್ ಹೊರಡುವವರೆಗೆ ಯಾವಾಗ ಬೇಕಾದರೂ ರೊಕ್ಕ ವಾಪಸ್ ಕೇಳಬಹುದು. ರೊಕ್ಕ ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ. ಪಿನ್ ಕೇಳಿದವರು ನಾವಲ್ಲ.”

ಉದ್ದದಲ್ಲಿ ಇದು ಎರಡನೆಯದರ ಅರ್ಧವೂ ಇಲ್ಲ. ಫೋನು ಬರುವುದು ಕಡಿಮೆಯಾಯಿತು, ಬಂದ ಮೆಸೇಜು ಬಹುಪಾಲು ಬರೀ ನಂಬರು. ಮೊದಲ ಸಾಲಿನಲ್ಲೇ ನಂಬರು, ತಾರೀಖು ಇರಬೇಕೆಂಬುದು ಇಲ್ಲಿ ಮುಖ್ಯ. ಉದ್ದನೆಯ ಬರಹದಲ್ಲಿ ಮೊದಲ ಕೆಲವು ಸಾಲು ತೋರಿಸಿ ಉಳಿದದ್ದನ್ನು ಫೋನು ಮಡಚಿಬಿಡುತ್ತದೆ. ಅಲ್ಲಿ ಬರೀ “ಆತ್ಮೀಯ ಗ್ರಾಹಕರೇ” ಕೂತಿದ್ದರೆ ಕೆಲಸದ ಮಾತು ಯಾರ ಕಣ್ಣಿಗೂ ಬೀಳುವುದಿಲ್ಲ.

24ನೇ ತಾರೀಖು ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಬ್ಯಾಡಗಿಯಲ್ಲಿ ವಹಿವಾಟು ಸೋಮವಾರ ಮತ್ತು ಗುರುವಾರ. ಶನಿವಾರ ರೊಕ್ಕ ಹಿಡಿದು ಹೋದರೂ ಪ್ರಯೋಜನವಿಲ್ಲ, ಸೋಮವಾರಕ್ಕೇ ಕೊಳ್ಳಬೇಕು. ಕೊಂಡ ಕಾಯಿಗೆ ಮಂಗಳವಾರದಿಂದ ಮೂರು ದಿನ ಬಿಸಿಲು ಬೇಕು. ಶುಕ್ರವಾರ, ಶನಿವಾರ ತುಂಬು ಬಿಡಿಸುವುದು. ಭಾನುವಾರ ಗಿರಣಿ ರಜೆ. 20, 21ಕ್ಕೆ ಕುಟ್ಟಿಸುವುದು. ಗಿರಣಿಯಿಂದ ಬಂದ ಪುಡಿ ಬಿಸಿ ಇರುತ್ತದೆ, ಹಾಗೇ ಪ್ಯಾಕ್ ಮಾಡಿದರೆ ಕವರಿನೊಳಗೆ ಬೆವರಿ ಗಂಟು ಕಟ್ಟುತ್ತದೆ. ರಾತ್ರಿ ಹರವಿ ಆರಿಸಿ, 22ಕ್ಕೆ ತೂಗಿ ಪ್ಯಾಕ್ ಮಾಡಬೇಕು. ಎಲ್ಲ ಸರಿಯಾದರೆ 22. ಇನ್ನೊಂದು ದಿನ ಮೋಡ ಕವಿಯಬಹುದು, ಕರೆಂಟ್ ಹೋಗಬಹುದು. ಅದಕ್ಕೆ ಎರಡು ದಿನ ಸೇರಿಸಿ 24. ಎರಡನೆಯ ಬರಹದಲ್ಲಿ ಇದೇ ಜಾಗದಲ್ಲಿ “ನಾಲ್ಕೈದು ದಿನದಲ್ಲಿ” ಎಂದಿತ್ತು. ಗಿರಾಕಿ ಅದನ್ನು ನಾಲ್ಕು ಎಂದೇ ಓದುತ್ತಾನೆ. ಇನ್ನೊಂದು: ಬರೆಯಬೇಕಾದದ್ದು ಕೊರಿಯರ್‌ಗೆ ಕೊಡುವ ತಾರೀಖು, ಮನೆ ಮುಟ್ಟುವ ತಾರೀಖಲ್ಲ. ಹುಬ್ಬಳ್ಳಿಗೆ ಒಂದು, ಪುಣೆಗೆ ಇನ್ನೊಂದು ದಿನ ಹಿಡಿಯುತ್ತದೆ, ಅದು ನಮ್ಮ ಕೈಯಲ್ಲಿಲ್ಲ.

ಪರಿಹಾರದಲ್ಲೂ ಹೋಲಿಸಿ ನೋಡುವುದಿದೆ. ಮುಂದಿನ ಆರ್ಡರಿಗೆ ಶೇಕಡಾ 10 ರಿಯಾಯಿತಿಯ ಕೂಪನ್ ಕೊಡುವುದು ಎಲ್ಲ ಅಂಗಡಿಯವರ ರೂಢಿ. ಖಾರಪುಡಿಗೆ ಅದು ನಡೆಯುವುದಿಲ್ಲ. ವರ್ಷಕ್ಕೊಮ್ಮೆ ಕೊಳ್ಳುವ ಮಾಲಿಗೆ ಮುಂದಿನ ಆರ್ಡರ್ ಅಂದರೆ ಮುಂದಿನ ಏಪ್ರಿಲ್. ಈಗಿನ ತಪ್ಪಿಗೆ ಇನ್ನೊಂದು ವ್ಯಾಪಾರ ಕೇಳಿದಂತೆಯೂ ಆಗುತ್ತದೆ. ಕೆಜಿಗೆ 100 ಗ್ರಾಂ ಹೆಚ್ಚು ಹಾಕುವುದು ಅದಕ್ಕಿಂತ ಎಷ್ಟೋ ಮೇಲು, ಅದೇ ಪಾರ್ಸಲ್‌ನಲ್ಲಿ ಕೈಗೆ ಸಿಗುತ್ತದೆ. ಆದರೆ ಮಾತು ಕೊಡುವ ಮೊದಲು ಕೊರಿಯರ್ ದರ ನೋಡಬೇಕು. ಅರ್ಧ ಕೆಜಿಗೊಂದು ಹಂತವೆಂದು ಲೆಕ್ಕ ಹಾಕುವ ಕೊರಿಯರ್‌ನಲ್ಲಿ 1 ಕೆಜಿ ಪುಡಿ ಡಬ್ಬಿ ಸೇರಿ ಆಗಲೇ ಒಂದೂವರೆ ಕೆಜಿ ಹಂತದಲ್ಲಿರುತ್ತದೆ. 100 ಗ್ರಾಂ ಸೇರಿಸಿದರೂ ಅಲ್ಲೇ ಇರುತ್ತದೆ. 4 ಕೆಜಿ ಆರ್ಡರಿಗೆ 400 ಗ್ರಾಂ ಸೇರಿಸಿದರೆ ಡಬ್ಬಿಯ ತೂಕದ ಜೊತೆ ಹಂತ ದಾಟುವ ಸಾಧ್ಯತೆ ಹೆಚ್ಚು. ಅಂಥವರಿಗೆ ಅಷ್ಟು ಪುಡಿಯ ಬೆಲೆಯನ್ನೇ ಮರಳಿಸುವುದು ಅಗ್ಗ.

ಹೋದ ವರ್ಷದ ಕಾಯಿಯ ಆಯ್ಕೆ ಕೊಡಲು ಕೆಲವರು ಹಿಂಜರಿಯುತ್ತಾರೆ, ಹಳೇ ಮಾಲು ಎಂದರೆ ಹೆಸರು ಕೆಡುತ್ತದೆಂದು. ಮುಚ್ಚಿ ಕಳಿಸಿದರೆ ಕೆಡುತ್ತದೆ, ಹೇಳಿ ಕಳಿಸಿದರೆ ಇಲ್ಲ. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದವರು ಈ ಆಯ್ಕೆಯನ್ನೇ ಹುಡುಕುತ್ತಾರೆ. ಅವರಿಗೆ ಬಣ್ಣಕ್ಕಿಂತ ತಾರೀಖು ಮುಖ್ಯ.

ಎಲ್ಲಿ ಹಾಕುವುದು ಎಂಬುದರ ಬಗ್ಗೆ ಎರಡೇ ಮಾತು. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಮಾಯವಾಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟಿನ ಮೆಸೇಜ್ ನಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ಮುಟ್ಟುತ್ತದೆ, ಹೊಸ ಗಿರಾಕಿಗಳು ಉಳಿಸಿಕೊಂಡಿರುವುದೇ ಅಪರೂಪ. ಹಾಗಾಗಿ ಪೇಜಿನಲ್ಲಿ ಬರಹ ಹಾಕಿದ ಮೇಲೂ ತಡವಾದ 60 ಆರ್ಡರ್‌ಗಳಿಗೆ ಒಬ್ಬೊಬ್ಬರಿಗೇ ಮೆಸೇಜ್ ಕಳಿಸಬೇಕು.

24ರೊಳಗೂ ಆಗುವುದಿಲ್ಲವೆಂದು 21ರಂದೇ ಗೊತ್ತಾದರೆ ಇನ್ನೊಂದು ಕ್ಷಮಾಪಣೆ ಬರೆಯಲು ಕೂರಬೇಡಿ. ಎರಡನೇ ಸಲದ ಬರಹವನ್ನು ಯಾರೂ ನಂಬುವುದಿಲ್ಲ. ಉಳಿದ ಆರ್ಡರಿನವರಿಗೆಲ್ಲ ಅವತ್ತೇ ಫೋನು ಮಾಡಿ, ಅವರು ಕೇಳುವ ಮೊದಲೇ ಕೊರಿಯರ್ ಖರ್ಚು ಸಹಿತ ರೊಕ್ಕ ಹಾಕಿಬಿಡಿ. ಆಮೇಲೂ ಪುಡಿ ಬೇಕೆಂದವರಿಗೆ ಕುಟ್ಟಿಸಿದ ದಿನ ಕಳಿಸಿ, ಕೈಗೆ ಮುಟ್ಟಿದ ಮೇಲೆ ರೊಕ್ಕ ತೆಗೆದುಕೊಳ್ಳಿ.