ಹಳೇ ವಾಚಿನ ಎರಡು ಜಾಹೀರಾತು: ನನ್ನ ಓಟು ಜನತಾಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಕ್ಯಾತ್ಸಂದ್ರದ ಯಜಮಾನರೊಬ್ಬರು ಮಾರಿದ ಎಚ್‌ಎಂಟಿ ಜನತಾ. ಅದರ ಪಕ್ಕ ಇಟ್ಟು ನೋಡುತ್ತಿರುವುದು ಆನ್‌ಲೈನಲ್ಲಿ ತರಿಸಿದ ಒಂದು ಜಪಾನಿ ಆಟೋಮ್ಯಾಟಿಕ್. ಎರಡೂ ಸೆಕೆಂಡ್ ಹ್ಯಾಂಡ್, ಎರಡಕ್ಕೂ ನಾನು ಇಟ್ಟುಕೊಂಡಿದ್ದ ಬಜೆಟ್ ನಾಲ್ಕು ಸಾವಿರದೊಳಗೆ. ವಾಚಿಗಿಂತ ಜಾಸ್ತಿ, ಅದರ ಬಗ್ಗೆ ಮಾರುವವರು ಏನು ಬರೆದಿದ್ದರು ಅನ್ನುವುದೇ ಇಲ್ಲಿ ಮುಖ್ಯ.

ಯಜಮಾನರು ಬರೆದಿದ್ದು ಇಷ್ಟೇ: ಕೀ ಕೊಡುವ ವಾಚು, 17 ಜುವೆಲ್, ದಿನಾ ಕೀ ಕೊಡಬೇಕು. ಕೇಸು 35 ಮಿ.ಮೀ., ಸ್ಟ್ರಾಪ್ ಅಗಲ 18. ಸ್ಟ್ರಾಪ್ ಬಕಲ್ ಹತ್ತಿರ ಸೀಳಿದೆ, ಹೊಸದು ಹಾಕಿಸಿಕೊಳ್ಳಿ. 2022ರಲ್ಲಿ ಬಿಚ್ಚಿ ತೊಳೆದು ಎಣ್ಣೆ ಹಾಕಿಸಿದ್ದು, ಚೀಟಿ ಇದೆ. ನೀರು ತಾಗಿಸಬೇಡಿ.

ಇನ್ನೊಂದರಲ್ಲಿ ಇದ್ದದ್ದು: ಆಟೋಮ್ಯಾಟಿಕ್, ಫುಲ್ ಸರ್ವಿಸ್ ಆಗಿದೆ, 50 ಮೀಟರ್ ವಾಟರ್ ರೆಸಿಸ್ಟೆಂಟ್, ಸ್ಟ್ರಾಪ್ ಹೊಸದು. ಕೇಸಿನ ಅಳತೆ ಇರಲೇ ಇಲ್ಲ. ಕೇಳಿದ್ದಕ್ಕೆ 42 ಅಂದರು, ಬಂದ ಮೇಲೆ ಅಳೆದರೆ ಕೀ ಸೇರಿಸಿ 42. ಕೇಸಿನ ಅಳತೆಯನ್ನು ಯಾವಾಗಲೂ ಕೀ ಬಿಟ್ಟು ಹೇಳಬೇಕು ಅಲ್ವಾ? ಹೋಗಲಿ, ಅದನ್ನು ಸಹಿಸಬಹುದು.

ಸಹಿಸಲಾಗದ್ದು ಆ 50 ಮೀಟರ್ ಮಾತು. ನನ್ನದು ಸ್ಕೂಟರ್ ಓಡಾಟ, ಮಳೆಗೆ ಸಿಕ್ಕಿಕೊಳ್ಳುತ್ತೇನೆ, ಹಾಗಾಗಿ ಕೈಗೆ ಕಟ್ಟುವ ಮುಂಚೆ ಇಲ್ಲೇ ತುಮಕೂರಲ್ಲಿ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ನಮ್ಮೂರಲ್ಲಿ ಎಚ್‌ಎಂಟಿ ಕಾರ್ಖಾನೆ ಇದ್ದದ್ದರಿಂದ ಈ ಕೆಲಸ ಬಲ್ಲ ಹಿರಿಯರು ಇನ್ನೂ ಸಿಗುತ್ತಾರೆ. ಅವರು ವಾಚನ್ನು ಸಣ್ಣ ಬಿಸಿ ತಟ್ಟೆಯ ಮೇಲೆ ಇಟ್ಟರು, ಕೈ ಇಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಮಾತ್ರ, 40-45 ಡಿಗ್ರಿ. ಸ್ವಲ್ಪ ಹೊತ್ತು ಬಿಟ್ಟು ಗಾಜಿನ ನಡುವೆ ಒಂದು ಹನಿ ತಣ್ಣೀರು ಬಿಟ್ಟರು. ಒಂದು ನಿಮಿಷ ಬಿಟ್ಟು ಒರೆಸಿದರು. ಹನಿ ಇದ್ದ ಜಾಗದಲ್ಲೇ, ಗಾಜಿನ ಒಳಬದಿಯಲ್ಲಿ, ಬೆಳ್ಳಗೆ ಒಂದು ಮಂಜಿನ ಬೊಟ್ಟು. ಅಂದರೆ ಒಳಗೆ ಆಗಲೇ ತೇವ ಸೇರಿದೆ, ನಾನಿನ್ನೂ ನೀರೇ ತಾಗಿಸಿಲ್ಲ.

ಹಿಂದಿನ ಮುಚ್ಚಳ ಬಿಚ್ಚಿದಾಗ ಕಾರಣ ಸಿಕ್ಕಿತು. ಮುಚ್ಚಳದ ರಬ್ಬರ್ ರಿಂಗು ಒಂದು ಕಡೆ ಚಪ್ಪಟೆಯಾಗಿ, ಇನ್ನೊಂದು ಕಡೆ ತಿರುಚಿ ಅಂಚಿಗೆ ಸಿಕ್ಕಿಕೊಂಡಿತ್ತು. ಯಾರೋ ತೆಗೆದು ಹಳೇ ರಿಂಗನ್ನೇ ವಾಪಸ್ ಹಾಕಿದ್ದಾರೆ. ಕೀ ಒಳಗಿನ ರಿಂಗು ಗಟ್ಟಿಯಾಗಿ ಉಗುರಿಗೆ ಪುಡಿಯಾಗುತ್ತಿತ್ತು. ಮಾರಿದವರನ್ನು ಕೇಳಿದರೆ, "ಹಿಂದೇನೇ 50 ಮೀಟರ್ ಅಂತ ಬರೆದಿದೆಯಲ್ಲ ಸರ್" ಅಂದರು.

ಬರೆದಿದೆ, ನಿಜ. ಆದರೆ ಅದು ಹೊಸ ವಾಚಿಗೆ, ಕಾರ್ಖಾನೆಯಿಂದ ಹೊರಬಿದ್ದ ದಿನದ ಮಾತು. 50 ಮೀಟರ್ ಅಂದರೆ ಅಷ್ಟು ಆಳಕ್ಕೆ ಮುಳುಗಬಹುದು ಅಂತಲೂ ಅಲ್ಲ, ಅಷ್ಟು ಆಳದ ನೀರಿನ ಒತ್ತಡವನ್ನು ಅಲುಗಾಡದೆ ತಡೆಯುತ್ತದೆ ಅಂತ. ತಡೆಯೋದು ಉಕ್ಕಲ್ಲ, ಆ ರಬ್ಬರು. ಅದು ಬೆವರಿಗೆ, ಬಿಸಿಗೆ, ವಯಸ್ಸಿಗೆ ಗಟ್ಟಿಯಾಗುತ್ತೆ. ಅದರ ಮೇಲೆ ಮುಚ್ಚಳ ಬಿಚ್ಚಿದಾಗ ಹಳೇ ರಿಂಗನ್ನೇ ಹಾಗೇ ಒತ್ತಿಬಿಟ್ಟರೆ ಹಿಂದೆ ಕೆತ್ತಿದ ಸಂಖ್ಯೆಗೆ ಬೆಲೆ ಇಲ್ಲ. ಹಾಗಾಗಿ ಹಳೇ ವಾಚಿನಲ್ಲಿ ನೀರಿನ ಮಾತನ್ನೂ ಸರ್ವಿಸ್ ಮಾತನ್ನೂ ಬೇರೆ ಬೇರೆ ಓದಬಾರದು. ಕೊನೇ ಸಲ ಯಾವಾಗ ಬಿಚ್ಚಿದರು, ರಿಂಗು ಬದಲಿಸಿದರಾ, ಆಮೇಲೆ ಪ್ರೆಷರ್ ಟೆಸ್ಟ್ ಮಾಡಿದರಾ? ಈ ಮೂರಕ್ಕೆ ಉತ್ತರ ಇಲ್ಲದಿದ್ದರೆ ನೀರು ತಡೆಯಲ್ಲ ಅಂತಲೇ ಲೆಕ್ಕ.

"ಫುಲ್ ಸರ್ವಿಸ್" ಅನ್ನೋದೂ ಹಾಗೇ. ಟೈಮ್ ಹೊಂದಿಸಿ, ಕೇಸಿಗೆ ಪಾಲಿಶ್ ಹೊಡೆದರೂ ಕೆಲವರಿಗೆ ಅದು ಸರ್ವಿಸ್. ಜನತಾದ ಮುಚ್ಚಳದ ಒಳಗೆ ರಿಪೇರಿಯವರು ಸೂಜಿಯಲ್ಲಿ ಗೀರಿದ ಸಣ್ಣ ಗುರುತುಗಳಿದ್ದವು, ಕೊನೆಯದರ ಪಕ್ಕ 22 ಅಂತ. ಚೀಟಿಯೂ ಅದೇ ವರ್ಷದ್ದು. ಯಜಮಾನರು ಆ ಮುಚ್ಚಳದ ಫೋಟೋವನ್ನೂ ಹಾಕಿದ್ದರು. ಜನತಾಗೆ ಕಣ್ಣು ಕುಕ್ಕುವ ಬಣ್ಣದ ಹೊಸ ಡಯಲ್ ಬರೆಸಿ ಮಾರುವವರು ಬೇಕಾದಷ್ಟು ಜನ ಇರುವಾಗ, ಹಳದಿ ತಿರುಗಿದ ಹಳೇ ಡಯಲನ್ನು ಹಾಗೇ ತೋರಿಸಿದ್ದು ನನಗೆ ತುಂಬಾ ಇಷ್ಟವಾಯಿತು.

ಸ್ಟ್ರಾಪ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, 18 ಮಿ.ಮೀ. ಎಲ್ಲಿ ಬೇಕಾದರೂ ಸಿಗುತ್ತೆ.

ಆಟೋಮ್ಯಾಟಿಕ್ ಕೆಟ್ಟ ವಾಚಲ್ಲ. ಒಣಗಿಸಿ, ಎರಡೂ ರಿಂಗು ಬದಲಿಸಿದ್ದಕ್ಕೆ ₹700 ಆಯಿತು, ಅಲ್ಲಿಗೆ ಬಜೆಟ್ ದಾಟಿತು. ದಿನಾ ಕೀ ಕೊಡಲು ಬೇಜಾರು ಅನ್ನೋರಿಗೆ ಅದೇ ಸರಿ, ಆದರೆ ಆ ರಿಂಗಿನ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡು ತೆಗೆದುಕೊಳ್ಳಿ. ನನಗೆ ಬೆಳಿಗ್ಗೆ ಕಾಫಿ ಆದಮೇಲೆ ಕೀ ಕೊಡೋದು ಅಭ್ಯಾಸ ಆಗಿದೆ, ಮಳೆ ಬಂದರೆ ಬಿಚ್ಚಿ ಜೇಬಿಗೆ ಹಾಕುತ್ತೇನೆ. ನೀವು ಮಾರುವವರಾದರೆ ದಯವಿಟ್ಟು ಮುಚ್ಚಳದ ಮೇಲಿನ ಅಂಕಿ ನೋಡಿ ಜಾಹೀರಾತು ಬರೆಯಬೇಡಿ. ಟೆಸ್ಟ್ ಮಾಡಿಸಿದ್ದರೆ ತಾರೀಖು ಹಾಕಿ, ಮಾಡಿಸಿಲ್ಲ ಅಂದರೆ "ಟೆಸ್ಟ್ ಮಾಡಿಸಿಲ್ಲ" ಅಂತಲೇ ಬರೆಯಿರಿ.