ಗುರುತಿಲ್ಲದ ಟ್ರಾನ್ಸಿಸ್ಟರ್: ಡಿಜಿಟಲ್ ಮೀಟರೋ, ಮುಳ್ಳಿನ ಮೀಟರೋ?

ಗಂಗಾವತಿ ಸುತ್ತಲಿನ ಅಕ್ಕಿ ಗಿರಣಿಗಳಿಂದ ನನ್ನ ಅಂಗಡಿಗೆ ರಿಪೇರಿಗೆ ಬರುವ ಸ್ಟೆಬಿಲೈಸರ್ ಬೋರ್ಡ್‌ಗಳಲ್ಲಿ ರಿಲೇ ನಡೆಸುವ ಸಣ್ಣ ಟ್ರಾನ್ಸಿಸ್ಟರ್‌ನ ಮೇಲಿನ ಅಕ್ಷರಗಳನ್ನು ಎಷ್ಟೋ ಸಲ ತಯಾರಕರೇ ಕೆರೆದು ಹಾಕಿರುತ್ತಾರೆ. ಆಕಾರ ನೋಡಿ ಕಾಲುಗಳನ್ನು ಊಹಿಸುವಂತಿಲ್ಲ. ಬಿಸಿ 547ರಲ್ಲಿ ಬೇಸ್ ನಡುವಿನ ಕಾಲು. ನೋಡಲು ಹಾಗೆಯೇ ಇರುವ ಸಿ 1815ರಲ್ಲಿ ಅದು ತುದಿಯ ಕಾಲು. ಹಾಗಾಗಿ ಮೀಟರ್ ಹಿಡಿಯಲೇಬೇಕು. ನನ್ನ ಮೇಜಿನ ಮೇಲೆ ಎರಡು ಇವೆ: ಒಂದು ಸಾಧಾರಣ ಡಿಜಿಟಲ್, ಇನ್ನೊಂದು ಹಳೆಯ ಮುಳ್ಳಿನ ಮೀಟರ್.

ಡಯೋಡ್ ಮಾತ್ರವಾದರೆ ಡಿಜಿಟಲ್ಲೇ ವಾಸಿ. ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ತಂತಿಯನ್ನು ಆನೋಡ್‌ಗೆ, ಕಪ್ಪನ್ನು ಪಟ್ಟಿ ಇರುವ ಕಡೆಗೆ ಹಿಡಿದರೆ ಸಿಲಿಕಾನ್ ಡಯೋಡ್ 0.5ರಿಂದ 0.7 ವೋಲ್ಟ್ ತೋರಿಸುತ್ತದೆ. ಶಾಟ್ಕಿಯಾದರೆ ಸುಮಾರು 0.2 ಅಥವಾ 0.3. ತಂತಿ ಅದಲುಬದಲು ಮಾಡಿದರೆ OL ಬರಬೇಕು. ಮುಳ್ಳಿನ ಮೀಟರ್ ಇಂಥ ಅಂಕಿ ಕೊಡುವುದಿಲ್ಲ. ಅದರಲ್ಲಿ ಇನ್ನೊಂದು ತಿರುವಿದೆ: ಓಮ್ ರೇಂಜ್‌ನಲ್ಲಿ ಒಳಗಿನ ಸೆಲ್‌ನ ಧನ ತುದಿ ಕಪ್ಪು ತಂತಿಗೆ ಬರುತ್ತದೆ. ಡಿಜಿಟಲ್‌ಗೆ ಒಗ್ಗಿದ ಕೈ ಇಲ್ಲಿ ಎಡವುವುದು ಸಹಜ.

ಆದರೆ ಡಿಜಿಟಲ್ ಮೀಟರ್ ಆ ಗುರುತಿನಲ್ಲಿ ಕೊಡುವುದು ಸಾಮಾನ್ಯವಾಗಿ ಮೂರು ವೋಲ್ಟ್‌ನ ಆಸುಪಾಸು. ಸೋರುವ ಡಯೋಡ್ ಅಷ್ಟಕ್ಕೆ ಸಿಕ್ಕಿಬೀಳದೆ ಜಾರಿಕೊಳ್ಳಬಹುದು. ಮುಳ್ಳಿನ ಮೀಟರ್‌ನ 10ಕೆ ರೇಂಜ್ ಒಂಬತ್ತು ವೋಲ್ಟ್ ಬ್ಯಾಟರಿ ಬಳಸುವುದರಿಂದ ಉಲ್ಟಾ ಹಿಡಿದಾಗಲೂ ಮುಳ್ಳು ಅಲುಗಿದರೆ ಸಿಲಿಕಾನ್ ಡಯೋಡನ್ನು ಎಸೆಯಬಹುದು. ಶಾಟ್ಕಿಗೆ ಈ ನಿಯಮ ಹಚ್ಚಬೇಡಿ. ಒಂದಿಷ್ಟು ಸೋರುವುದು ಅದರ ಜಾಯಮಾನ.

ಟ್ರಾನ್ಸಿಸ್ಟರ್‌ನಲ್ಲಿ ಬೇಸ್ ಹುಡುಕುವ ಕೆಲಸಕ್ಕೂ ಡಿಜಿಟಲ್ಲೇ ಮುಂದು. ಬೋರ್ಡ್‌ನಿಂದ ಬಿಚ್ಚಿದ ಒಂದನ್ನು ಚಪ್ಪಟೆ ಮುಖ ನಮ್ಮ ಕಡೆಗೆ ಬರುವಂತೆ ಹಿಡಿದು, ಎಡದಿಂದ ಕಾಲುಗಳಿಗೆ ಒಂದು, ಎರಡು, ಮೂರು ಎಂದುಕೊಳ್ಳೋಣ. ಕೆಂಪನ್ನು ಮೂರಕ್ಕೆ ಹಿಡಿದು ಕಪ್ಪನ್ನು ಒಂದಕ್ಕೆ ಮುಟ್ಟಿಸಿದಾಗ 0.672, ಎರಡಕ್ಕೆ ಮುಟ್ಟಿಸಿದಾಗ 0.664 ಬಂತು. ಉಳಿದ ಜೋಡಿಗಳೆಲ್ಲ OL. ಅಂದರೆ ಮೂರನೆಯದು ಬೇಸ್. ಕೆಂಪು ಬೇಸ್‌ನಲ್ಲಿದ್ದಾಗ ಓದು ಬಂದದ್ದರಿಂದ ಇದು ಎನ್‌ಪಿಎನ್. ಕಪ್ಪು ಬೇಸ್‌ನಲ್ಲಿದ್ದಾಗ ಬಂದಿದ್ದರೆ ಪಿಎನ್‌ಪಿ.

ಎಮಿಟರ್ ಯಾವುದು, ಕಲೆಕ್ಟರ್ ಯಾವುದು ಎನ್ನುವಲ್ಲಿ ನಿಜವಾದ ಪೈಪೋಟಿ. ಎಮಿಟರ್ ಕಡೆಯ ಓದು ತುಸು ಹೆಚ್ಚಿರುತ್ತದೆ, ಆದ್ದರಿಂದ ಒಂದನೆಯ ಕಾಲು ಎಮಿಟರ್ ಎನ್ನಬಹುದು. ಆದರೆ ವ್ಯತ್ಯಾಸ ಬರೀ ಎಂಟು ಮಿಲಿವೋಲ್ಟ್. ಸಿಲಿಕಾನ್ ಜಂಕ್ಷನ್‌ನ ವೋಲ್ಟೇಜ್ ಪ್ರತಿ ಡಿಗ್ರಿಗೆ ಎರಡು ಮಿಲಿವೋಲ್ಟ್‌ನಷ್ಟು ಇಳಿಯುತ್ತದೆ. ಐರನ್ನಿನಿಂದ ಬಿಚ್ಚಿದ ಕೂಡಲೇ ಅಳೆದರೆ, ಒಂದು ಓದಿಗೂ ಇನ್ನೊಂದಕ್ಕೂ ನಡುವೆ ಅದು ಆರುತ್ತಾ ಹೋಗಿ ಉತ್ತರವೇ ತಿರುಗಿ ನಿಲ್ಲುತ್ತದೆ. ಇಕ್ಕಳದಿಂದ ಹಿಡಿದು, ಎರಡೂ ಓದನ್ನು ಮತ್ತೆ ಮತ್ತೆ ನೋಡಿ, ಅಂತರ ಒಂದೇ ಕಡೆ ನಿಂತರೆ ಮಾತ್ರ ನಾನು ನಂಬುತ್ತೇನೆ.

ಡಿಜಿಟಲ್ ಮೀಟರ್‌ನಲ್ಲಿ ಟ್ರಾನ್ಸಿಸ್ಟರ್‌ನ ಗಳಿಕೆ ಅಳೆಯುವ hFE ಗುಂಡಿ ಇದ್ದರೆ ಸಂದೇಹ ಬೇಗ ಪರಿಹಾರವಾಗುತ್ತದೆ. ಬೇಸನ್ನು ಅದರ ತೂತಿನಲ್ಲೇ ಇಟ್ಟು ಉಳಿದೆರಡನ್ನು ಬದಲಿಸಿ ನೋಡಿದೆ: ಒಂದು ರೀತಿಯಲ್ಲಿ 210, ಇನ್ನೊಂದರಲ್ಲಿ 8. ದೊಡ್ಡ ಅಂಕಿ ಬಂದಾಗ ಎಮಿಟರ್ ತೂತಿನಲ್ಲಿದ್ದದ್ದು ಒಂದನೆಯ ಕಾಲು. ಇಷ್ಟು ಅಂತರವಿದ್ದರೆ ಕಣ್ಣು ಮುಚ್ಚಿ ಒಪ್ಪಬಹುದು. ಆದರೆ ಆ ತೂತುಗಳು ಸಣ್ಣ ಕಾಲುಗಳಿಗಷ್ಟೇ. ಹೀಟ್‌ಸಿಂಕ್‌ಗೆ ಬಿಗಿಯುವ ದಪ್ಪ ಟ್ರಾನ್ಸಿಸ್ಟರ್ ಒಳಗೇ ಹೋಗುವುದಿಲ್ಲ.

ಹಳೆಯ ಮುಳ್ಳಿನ ಮೀಟರ್ ಗೆಲ್ಲುವುದು ಅಲ್ಲಿ. ಬೇಸ್‌ ಮತ್ತು ಎಮಿಟರ್ ನಡುವಿನ ಜಂಕ್ಷನ್ ಉಲ್ಟಾ ವೋಲ್ಟೇಜನ್ನು ಹೆಚ್ಚು ತಾಳುವುದಿಲ್ಲ, ಸಾಮಾನ್ಯವಾಗಿ ಆರರಿಂದ ಒಂಬತ್ತು ವೋಲ್ಟ್‌ಗೆ ಬಿಟ್ಟುಕೊಡುತ್ತದೆ. ಕಲೆಕ್ಟರ್ ಕಡೆಯದು ಹತ್ತಾರು ವೋಲ್ಟ್ ತಡೆಯುತ್ತದೆ. ಎನ್‌ಪಿಎನ್ ಆದರೆ 10ಕೆ ರೇಂಜ್‌ನಲ್ಲಿ ಕೆಂಪನ್ನು ಬೇಸ್‌ಗೆ ಇಟ್ಟು ಕಪ್ಪನ್ನು ಉಳಿದ ಕಾಲುಗಳಿಗೆ ಮುಟ್ಟಿಸಿ. ಮುಳ್ಳು ಏಳುವ ಕಾಲೇ ಎಮಿಟರ್. ಕಪ್ಪು ಕಲೆಕ್ಟರ್‌ನಲ್ಲಿದ್ದರೆ ಅದು ಕದಲದು. ಕ್ಷಣ ಮುಟ್ಟಿಸಿ ತೆಗೆಯಿರಿ. ಈ ಜಂಕ್ಷನ್ ಉಲ್ಟಾ ಹಾಯುವ ಕರೆಂಟಿಗೆ ಬಹಳ ಹೊತ್ತು ಒಡ್ಡಿಕೊಂಡರೆ ಗಳಿಕೆ ಕುಗ್ಗುತ್ತದೆ. ಬ್ಯಾಟರಿ ಸೊರಗಿದ್ದರೆ ಎರಡೂ ಕಡೆ ಮುಳ್ಳು ಸುಮ್ಮನಿರುತ್ತದೆ, ಆಗ ಮೊದಲು ಬ್ಯಾಟರಿ ಬದಲಿಸಿ.

ಎರಡು ಮೀಟರ್‌ಗಳೂ ಒಂದೇ ರೀತಿ ಮೋಸ ಹೋಗುವ ಜಾತಿಯೊಂದಿದೆ: ಹಳೆಯ ಟಿವಿಯ ಡಿ 1555ರಂಥ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್. ಒಳಗೆ ಬೇಸ್‌ಗೂ ಎಮಿಟರ್‌ಗೂ ಸಣ್ಣ ರೆಸಿಸ್ಟರ್ ಇರುವುದರಿಂದ ಎರಡು ಕಡೆಯಿಂದಲೂ ಶಾರ್ಟ್ ಆದಂತೆ ಕಾಣುತ್ತದೆ. ಡಿಜಿಟಲ್‌ ಮೀಟರ್‌ನ 200 ಓಮ್ ರೇಂಜ್‌ನಲ್ಲಿ ಸೊನ್ನೆಯ ಬದಲು ನಲವತ್ತು ಓಮ್‌ನ ಆಸುಪಾಸು ಬಂದರೆ ಆ ಜಂಕ್ಷನ್ ಕೆಟ್ಟಿದೆ ಎಂದು ಬಿಸಾಡಬೇಡಿ. ಕಲೆಕ್ಟರ್‌ನಿಂದ ಎಮಿಟರ್‌ಗೆ ಒಂದೇ ದಿಕ್ಕಿನಲ್ಲಿ ಡಯೋಡ್‌ನ ಓದು ಸಿಗುತ್ತದೆಯೇ ಎಂದು ನೋಡಿ.